ಮಿಕ್ಸಿ ಕಪ್ಲರ್ ಫೋಟೋ ಹಾಕಿ ಹುಡುಕಿದರೆ ಏನೇನೋ ಬರ್ತಿದೆ, ಫೋಟೋ ಹೇಗೆ ತೆಗೀಬೇಕು?

ಯಲ್ಲಾಪುರ ಮನೆ

ಎಲ್ಲರಿಗೂ ನಮಸ್ಕಾರ. ನಮ್ಮ ಮಿಕ್ಸಿಯ ಚಟ್ನಿ ಜಾರ್ ಕೆಳಗಿನ ಕಪ್ಲರ್ ಹಲ್ಲು ಸವೆದಿದೆ. ಮೋಟಾರ್ ತಿರುಗುತ್ತದೆ, ಬ್ಲೇಡ್ ತಿರುಗುವುದಿಲ್ಲ, ಕಟಕಟ ಸದ್ದು ಬರುತ್ತದೆ. ಮಿಕ್ಸಿ ಹಳೆಯದು, ಅಡಿಯ ಸ್ಟಿಕ್ಕರ್ ಅಳಿಸಿಹೋಗಿ ಮಾಡೆಲ್ ನಂಬರ್ ಕಾಣುವುದಿಲ್ಲ. ಇಲ್ಲಿನ ಅಂಗಡಿಯಲ್ಲಿ ಈ ಕಪ್ಲರ್ ಇಲ್ಲ ಅಂದರು.

ಹಾಗಾಗಿ ಫೋಟೋ ತೆಗೆದು ಗೂಗಲ್ ಲೆನ್ಸ್‌ನಲ್ಲಿ ಹಾಕಿದೆ. ಮೊದಲ ಫೋಟೋಗೆ ಬರೀ ಸ್ಟೀಲ್ ಜಾರ್‌ಗಳು ಬಂದವು. ಕಪ್ಲರ್ ಮಾತ್ರ ಉಳಿಯುವ ಹಾಗೆ ಕತ್ತರಿಸಿ ಹಾಕಿದರೆ ಆಟದ ಕಾರಿನ ಗಿಯರ್, ಕುರ್ಚಿ ಕಾಲಿನ ರಬ್ಬರ್ ಬುಷ್, ಬಚ್ಚಲಿನ ಜಾಲರಿ ಬಂದವು. ನಡುವೆ ಒಂದು ಕಪ್ಲರ್ ಇತ್ತು. ನೋಡೋಕೆ ನಮ್ಮದರ ಹಾಗೇ ಇದೆ ಅಂತ ತರಿಸಿದೆವು. ಬಂದದ್ದು ಕೂರಲೇ ಇಲ್ಲ.

ಮೂರು ಫೋಟೋ ಇಲ್ಲಿ ಹಾಕಿದ್ದೇನೆ. ಅಡುಗೆ ಕಟ್ಟೆ ಮೇಲೆ ಜಾರ್ ಮಗುಚಿ ಇಟ್ಟು, ಟ್ಯೂಬ್‌ಲೈಟ್ ಬೆಳಕಲ್ಲಿ ತೆಗೆದದ್ದು. ತಪ್ಪು ಫೋಟೋದಲ್ಲಿದೆಯಾ, ಆ್ಯಪ್‌ನಲ್ಲಿದೆಯಾ?

ಗಾಂಧಿ ಬಜಾರ್

ಮೇಡಂ, ಇದಕ್ಕೆಲ್ಲ ಫೋಟೋ ಯಾಕೆ? ಹಳೇ ಕಪ್ಲರ್ ಬಿಚ್ಚಿ ಜೇಬಲ್ಲಿ ಹಾಕ್ಕೊಂಡು ದೊಡ್ಡ ಊರಿಗೆ ಹೋದಾಗ ಮಿಕ್ಸಿ ಸ್ಪೇರ್ ಅಂಗಡಿಯವರ ಮುಂದೆ ಇಡಿ. ಅವರು ಕಣ್ಣಲ್ಲೇ ಹೇಳ್ತಾರೆ. ಶಿವಮೊಗ್ಗದಲ್ಲಿ ಸಿಗುತ್ತೆ, ಹುಬ್ಬಳ್ಳಿಯಲ್ಲಂತೂ ಸಿಕ್ಕೇ ಸಿಗುತ್ತೆ.

ಯಲ್ಲಾಪುರ ಮನೆ

ಸರಿ ಅಣ್ಣ, ಆದರೆ ಹುಬ್ಬಳ್ಳಿಗೆ ಹೋಗೋದು ಸದ್ಯಕ್ಕೆ ಆಗೋದಿಲ್ಲ. ಮನೆಯಲ್ಲಿ ಅತ್ತೆಗೆ ಹುಷಾರಿಲ್ಲ. ಆನ್‌ಲೈನ್‌ನಲ್ಲೇ ತರಿಸಬೇಕು.

ಫೋನ್ ಪ್ರಿಯ

ಫೋಟೋ ನೋಡಿದೆ ಅಕ್ಕ. ಸಮಸ್ಯೆ ಕ್ಯಾಮೆರಾದ್ದು. ಹಳೇ ಫೋನ್ ಅಲ್ವಾ? ಈಗಿನ ಫೋನ್‌ಗಳಲ್ಲಿ 108 ಮೆಗಾಪಿಕ್ಸೆಲ್ ಮೋಡ್ ಇರುತ್ತೆ, ಅದರಲ್ಲಿ ತೆಗೆದರೆ ಪ್ರತಿ ಹಲ್ಲೂ ಕಾಣುತ್ತೆ, ಲೆನ್ಸ್ ಸರಿಯಾಗಿ ಹಿಡಿಯುತ್ತೆ. ಇಲ್ಲಾಂದ್ರೆ ಮ್ಯಾಕ್ರೋ ಮೋಡ್ ಹಾಕಿ ಆದಷ್ಟು ಹತ್ತಿರ ಹೋಗಿ ತೆಗೀರಿ.

ಕ್ಯಾಟಲಾಗ್ ಕೋಣೆ

ನಾನು ಬೆಂಗಳೂರಿನಲ್ಲಿ ಆನ್‌ಲೈನ್ ಅಂಗಡಿಗಳಿಗೆ ವಸ್ತುಗಳ ಫೋಟೋ ಸಿದ್ಧಮಾಡುವ ಕೆಲಸ ಮಾಡ್ತೀನಿ. ಚಿತ್ರ ಹಾಕಿ ಹುಡುಕಿದಾಗ ಯಾವುದು ಯಾವುದಕ್ಕೆ ಹೊಂದುತ್ತೆ ಅಂತ ಪರೀಕ್ಷೆ ಮಾಡುವುದೂ ನಮ್ಮ ಕೆಲಸವೇ. ಸ್ವಲ್ಪ ಬಿಡಿಸಿ ಹೇಳ್ತೀನಿ.

ಮೊದಲನೆಯ ವಿಷಯ, ಇಂಥ ಹುಡುಕಾಟ «ಸಿಗಲಿಲ್ಲ» ಅಂತ ಸಾಮಾನ್ಯವಾಗಿ ಹೇಳುವುದಿಲ್ಲ. ನಿಮ್ಮ ಚಿತ್ರವನ್ನು ಅದು ಅಂಕಿಗಳ ಒಂದು ಸಾಲಾಗಿ ಮಾಡಿಕೊಳ್ಳುತ್ತದೆ. ತನ್ನ ಬಳಿ ಇರುವ ಚಿತ್ರಗಳಲ್ಲಿ ಯಾವುದರ ಸಾಲು ಇದಕ್ಕೆ ತೀರಾ ಹತ್ತಿರವೋ ಅದನ್ನು ಮುಂದಿಡುತ್ತದೆ. ಫೋಟೋ ಎಷ್ಟೇ ಕೆಟ್ಟದಿರಲಿ, ಯಾವುದೋ ಒಂದು ಹತ್ತಿರ ಇದ್ದೇ ಇರುತ್ತದೆ. ಹಾಗಾಗಿ ನಿಮಗೆ ಕುರ್ಚಿ ರಬ್ಬರ್ ಬಂತು. ಕಪ್ಪಗೆ, ದುಂಡಗೆ, ರಬ್ಬರಿನ ಹಾಗೆ ಇರುವ ಏನೋ ಒಂದು ಅನ್ನುವುದಷ್ಟೇ ಅದಕ್ಕೆ ಗೊತ್ತಾಗಿದೆ.

ಇದರಿಂದ ಒಂದು ಉಪಯೋಗ ಇದೆ. ಬಂದ ಮೊದಲ ಹತ್ತು ಚಿತ್ರ ನೋಡಿ. ಹತ್ತೂ ಕಪ್ಲರ್ ಆಗಿದ್ದು, ಹಲ್ಲು ಅಥವಾ ಬಣ್ಣದಲ್ಲಿ ಮಾತ್ರ ವ್ಯತ್ಯಾಸ ಇದ್ದರೆ ನಿಮ್ಮ ಫೋಟೋ ಅರ್ಥವಾಗಿದೆ ಅಂತ. ಒಂದು ಗಿಯರ್, ಒಂದು ಬುಷ್, ಒಂದು ಜಾಲರಿ ಅಂತ ಕಲಸಿಕೊಂಡು ಬಂದರೆ ಫೋಟೋನೇ ಬದಲಿಸಬೇಕು. ಅಂಥ ಹೊತ್ತಲ್ಲಿ ಆ ಪಟ್ಟಿಯೊಳಗಿಂದ ಯಾವುದನ್ನೂ ಆರಿಸಬೇಡಿ, ನೋಡೋಕೆ ನಿಮ್ಮದರ ಹಾಗೇ ಕಂಡರೂ ಬೇಡ.

ಎರಡನೆಯದು ನಿಮ್ಮ ಫೋಟೋದ ಓರೆ. ಜಾರ್ ಪಕ್ಕ ನಿಂತು ಸುಮಾರು 45 ಡಿಗ್ರಿಯಿಂದ ತೆಗೆದಿದ್ದೀರಿ. ದುಂಡು ವಸ್ತುವನ್ನು ಆ ಕೋನದಿಂದ ನೋಡಿದರೆ ಅಗಲ 40 ಮಿಲಿಮೀಟರ್ ಇದ್ದದ್ದು ಅಗಲಕ್ಕೆ 40ರಂತೆಯೇ ಕಾಣುತ್ತದೆ, ಉದ್ದಕ್ಕೆ ಮಾತ್ರ 28ರಷ್ಟು ಕಾಣುತ್ತದೆ. ಮೊಟ್ಟೆಯಾಕಾರ ಆಗಿಬಿಡುತ್ತದೆ. ಮುಂದಿನ ಹಲ್ಲುಗಳು ದಪ್ಪಗೆ ಕಂಡು ಹಿಂದಿನವನ್ನು ಮರೆಮಾಡಿವೆ. ನಿಮ್ಮ ಎರಡನೇ ಫೋಟೋದಲ್ಲಿ ನಾನು ಎಣಿಸಿದರೆ ನಾಲ್ಕು ಹಲ್ಲು ಸಿಗುತ್ತವೆ. ನಿಜಕ್ಕೂ ಎಷ್ಟಿವೆ?

ಯಲ್ಲಾಪುರ ಮನೆ

ಆರು.

ಕ್ಯಾಟಲಾಗ್ ಕೋಣೆ

ನೋಡಿ. ಮಾರುವವರು ಹಾಕುವ ಫೋಟೋ ಹೆಚ್ಚಾಗಿ ನೇರ ಮೇಲಿಂದ ತೆಗೆದದ್ದು, ಹಿಂದೆ ಬಿಳಿ. ಅದರ ಜೊತೆ ಹೋಲಿಸುವಾಗ ನಿಮ್ಮದು ಮೊಟ್ಟೆಯಾಕಾರದ ನಾಲ್ಕು ಹಲ್ಲಿನ ವಸ್ತು.

ಓರೆ ಇದೆಯಾ ಅಂತ ತಿಳಿಯೋದು ಸುಲಭ. ಫೋಟೋ ತೆಗೆದ ಮೇಲೆ ಪರದೆಯ ಮೇಲೇ ಒಂದು ಕಾಗದದ ಚೂರಿನಿಂದ ಕಪ್ಲರಿನ ಅಡ್ಡ ಅಳತೆ ಗುರುತು ಮಾಡಿ, ಅದನ್ನೇ ತಿರುಗಿಸಿ ಉದ್ದಕ್ಕೆ ಹಿಡಿದು ನೋಡಿ. ಎರಡೂ ಒಂದೇ ಬಂದರೆ ನೇರ. ವ್ಯತ್ಯಾಸ ಕಂಡರೆ ಫೋನ್ ವಾಲಿದೆ.

ಫೋನ್ ಪ್ರಿಯ ಅವರೇ, ಮೆಗಾಪಿಕ್ಸೆಲ್ ವಿಷಯದಲ್ಲಿ ನೀವು ಹೇಳಿದ್ದು ಅರ್ಧ ಸರಿ. ಚಿತ್ರ ಹೋಲಿಸುವ ವ್ಯವಸ್ಥೆಗಳು ಫೋಟೋವನ್ನು ಮೊದಲು ಚಿಕ್ಕದು ಮಾಡಿಕೊಳ್ಳುತ್ತವೆ. ಈ ಕ್ಷೇತ್ರದಲ್ಲಿ ತುಂಬಾ ಬಳಕೆಯಲ್ಲಿರುವ ಒಂದು ಅಳತೆ 224 ಅಡ್ಡ, 224 ಉದ್ದ ಚುಕ್ಕಿಗಳು. ಇಡೀ ಫೋಟೋದ ಅಗಲದಲ್ಲಿ ಕಪ್ಲರ್ ಹತ್ತನೇ ಒಂದು ಭಾಗ ಇದ್ದರೆ, ಆ ಲೆಕ್ಕದಲ್ಲಿ ಅದಕ್ಕೆ ಉಳಿಯುವುದು ಸುಮಾರು 22 ಚುಕ್ಕಿ. ಅಷ್ಟರಲ್ಲಿ ಆರು ಹಲ್ಲು ಹೇಗೆ ಕಾಣಬೇಕು? 108 ಮೆಗಾಪಿಕ್ಸೆಲ್ ಇದ್ದರೂ ಕುಗ್ಗಿದ ಮೇಲೆ ಅಷ್ಟೇ. ವಸ್ತು ಚೌಕಟ್ಟನ್ನು ತುಂಬಬೇಕು, ಅದು ಮುಖ್ಯ.

ಫೋನ್ ಪ್ರಿಯ

ಹಾಗಾದ್ರೆ ದೊಡ್ಡ ಫೋಟೋ ತೆಗೆದು ಕತ್ತರಿಸಿದರೆ ಚೌಕಟ್ಟು ತುಂಬುತ್ತಲ್ಲ? ಆಗ ಮೆಗಾಪಿಕ್ಸೆಲ್ ಜಾಸ್ತಿ ಇದ್ರೆ ಕತ್ತರಿಸಿದ ಮೇಲೂ ಸ್ಪಷ್ಟ ಉಳಿಯುತ್ತೆ. ನಾನು ಹೇಳಿದ್ದು ಅದೇ.

ಕ್ಯಾಟಲಾಗ್ ಕೋಣೆ

ಹೌದು, ಅಲ್ಲಿ ನಿಮ್ಮ ಮಾತು ಸರಿ. ಫೋಕಸ್ ಸರಿ ಇದ್ದರೆ ಮಾತ್ರ. ಫೋಕಸ್ ತಪ್ಪಿದ ಫೋಟೋವನ್ನು ಕತ್ತರಿಸಿದರೆ ಮಸುಕೇ ದೊಡ್ಡದಾಗುತ್ತದೆ.

ಕತ್ತರಿಸುವುದೇ ತಪ್ಪು ಅಂತ ಯಾರೂ ತಿಳಿಯಬೇಡಿ. ಅಂಚು ಕತ್ತರಿಸುವುದು ತಪ್ಪು. ಅಕ್ಕ, ನಿಮ್ಮ ಮೂರನೇ ಫೋಟೋದಲ್ಲಿ ಎಡಗಡೆ ಒಂದು ಹಲ್ಲಿನ ತುದಿ ಚೌಕಟ್ಟಿನ ಹೊರಗೆ ಹೋಗಿದೆ. ಕಪ್ಲರನ್ನು ಕಪ್ಲರ್ ಅಂತ ಗುರುತಿಸುವುದು ಅದರ ಹೊರಗಿನ ಆಕಾರದಿಂದ. ದುಂಡಿನ ಸುತ್ತ ಹಲ್ಲು ಹೇಗೆ ಚಾಚಿವೆ ಅನ್ನೋದೇ ಗುರುತು. ಆ ಗೆರೆ ಕಡಿದುಹೋದರೆ ಉಳಿಯುವುದು ಕಪ್ಪು ಬಣ್ಣ ಮಾತ್ರ. ಸುತ್ತಲೂ ಒಂದು ಬೆರಳಿನಷ್ಟು ಖಾಲಿ ಜಾಗ ಬಿಡಿ.

ಮೊದಲ ಫೋಟೋದಲ್ಲಿ ಇದರ ಉಲ್ಟಾ ಆಗಿದೆ. ಜಾರ್ ಪೂರ್ತಿ ಇದೆ, ಹೊಳೆಯುವ ಸ್ಟೀಲ್ ಜಾಸ್ತಿ ಇದೆ. ಹುಡುಕಾಟ ಜಾರನ್ನೇ ಹಿಡಿದಿದೆ. ಲೆನ್ಸ್‌ನಲ್ಲಿ ಫೋಟೋ ಮೇಲೆ ಒಂದು ಚೌಕಟ್ಟು ಬರುತ್ತದಲ್ಲ, ಅದರ ಮೂಲೆಗಳನ್ನು ಎಳೆದು ಬೇಕಾದ ವಸ್ತುವಿನ ಸುತ್ತ ಕೂರಿಸಬಹುದು. ತುಂಬಾ ಜನ ಅದನ್ನು ಮುಟ್ಟುವುದೇ ಇಲ್ಲ.

ರಿಪೇರಿ ಮೇಜು

ದಾವಣಗೆರೆಯಲ್ಲಿ ಮಿಕ್ಸಿ, ಗ್ರೈಂಡರ್ ರಿಪೇರಿ ಮಾಡ್ತೀನಿ. ವಾಟ್ಸಾಪ್‌ನಲ್ಲಿ ಜನ ಕಳಿಸೋ ಫೋಟೋ ನೋಡಿ ನೋಡಿ ನನಗೂ ಸ್ವಲ್ಪ ಗೊತ್ತಾಗಿದೆ.

ಅಕ್ಕ, ಮೊದಲು ಕಪ್ಲರ್ ಬಿಚ್ಚಿ. ಜಾರಿಗೆ ಅಂಟಿಕೊಂಡಿರುವಾಗ ತೆಗೆದ ಫೋಟೋದಲ್ಲಿ ಅದರ ಹಿಂಬದಿ ಕಾಣೋದಿಲ್ಲ, ಎತ್ತರ ಗೊತ್ತಾಗೋದಿಲ್ಲ. ಬ್ಲೇಡನ್ನು ದಪ್ಪ ಬಟ್ಟೆಯಲ್ಲಿ ಗಟ್ಟಿ ಹಿಡಿದು ಕಪ್ಲರ್ ತಿರುಗಿಸಬೇಕು. ಒಂದು ಕಡೆ ಬಾರದಿದ್ದರೆ ಜೋರು ಮಾಡಬೇಡಿ, ಇನ್ನೊಂದು ಕಡೆ ತಿರುಗಿಸಿ ನೋಡಿ. ಎಷ್ಟೋ ಮಿಕ್ಸಿಯಲ್ಲಿ ಉಲ್ಟಾ ತ್ರೆಡ್ ಇರುತ್ತದೆ. ಮಿಕ್ಸಿ ತಿರುಗುವಾಗ ಸಡಿಲ ಆಗದೆ ಬಿಗಿಯಾಗಲಿ ಅಂತ ಹಾಗೆ ಮಾಡಿರ್ತಾರೆ. ಯಾವ ಕಡೆ ತಿರುಗಿಸಿದಾಗ ಬಿಚ್ಚಿತು ಅನ್ನೋದನ್ನು ಬರೆದಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಬಿಚ್ಚಿದ ಮೇಲೆ ಹಳೇ ಟೂತ್‌ಬ್ರಷ್‌ನಿಂದ ಸೋಪು ಹಾಕಿ ತೊಳೀರಿ. ಹಲ್ಲಿನ ಸಂದಿಯಲ್ಲಿ ಗಟ್ಟಿಯಾದ ಚಟ್ನಿ, ಗ್ರೀಸ್ ಕೂತಿರುತ್ತದೆ. ಅದು ಫೋಟೋದಲ್ಲಿ ಸಂದಿಯನ್ನು ಮುಚ್ಚಿಬಿಡುತ್ತದೆ.

ಮ್ಯಾಕ್ರೋ ವಿಷಯ. ಕಡಿಮೆ ಬೆಲೆಯ ಫೋನ್‌ಗಳಲ್ಲಿ ಮ್ಯಾಕ್ರೋ ಅಂತ ಇರೋದು ಹೆಚ್ಚಾಗಿ 2 ಮೆಗಾಪಿಕ್ಸೆಲ್ ಚಿಕ್ಕ ಕ್ಯಾಮೆರಾ. ಅದಕ್ಕಿಂತ ಮುಖ್ಯ ಕ್ಯಾಮೆರಾನೇ ಚೆನ್ನ. ಆದರೆ ಮುಖ್ಯ ಕ್ಯಾಮೆರಾ ತೀರಾ ಹತ್ತಿರದ್ದನ್ನು ಫೋಕಸ್ ಮಾಡಲ್ಲ. ಒಂದು ಗೇಣು, ಎರಡು ಗೇಣು ಹಿಂದೆ ಸರಿದು 2x ಹಾಕಿ ತೆಗೆಯಿರಿ.

ಯಲ್ಲಾಪುರ ಮನೆ

ನನಗೆ ಮಸುಕು ಯಾಕಾಯ್ತು ಅಂತಾನೇ ಗೊತ್ತಾಗಲ್ಲ. ಕೈ ಅಲ್ಲಾಡಿದ್ದಾ, ಫೋಕಸ್ಸಾ?

ರಿಪೇರಿ ಮೇಜು

ಫೋಟೋ ಹಿಗ್ಗಿಸಿ ನೋಡಿ. ಹಲ್ಲಿನ ಅಂಚು ಒಂದೇ ದಿಕ್ಕಿಗೆ ಎಳೆದ ಹಾಗೆ, ಎರಡೆರಡಾಗಿ ಕಂಡರೆ ಕೈ ಅಲ್ಲಾಡಿದ್ದು. ಬೆಳಕು ಕಮ್ಮಿ ಇರುವಾಗ ಫೋನ್ ಹೆಚ್ಚು ಹೊತ್ತು ಬೆಳಕು ಎಳೆದುಕೊಳ್ಳುತ್ತದೆ, ಅಷ್ಟರಲ್ಲಿ ಕೈ ಕದಲಿರುತ್ತದೆ. ಕಪ್ಲರ್ ಮೆತ್ತಗೆ ಕಂಡು ಹಿಂದಿನ ಗ್ರಾನೈಟ್ ಚುಕ್ಕಿಗಳು ಸ್ಪಷ್ಟ ಇದ್ದರೆ ಫೋಕಸ್ ತಪ್ಪಿದ್ದು. ನಿಮ್ಮ ಎರಡನೇ ಫೋಟೋ ಹಾಗಿದೆ. ಎಲ್ಲಾ ಕಡೆ ಮಂಜು ಮುಸುಕಿದ ಹಾಗಿದ್ದು, ದೀಪದ ಸುತ್ತ ಬೆಳಕು ಹರಡಿದ್ದರೆ ಕ್ಯಾಮೆರಾ ಗಾಜಿನ ಮೇಲೆ ಎಣ್ಣೆ ಕೈ ಆಗಿದೆ. ಅಡುಗೆ ಮನೆಯ ಫೋನ್‌ಗಳಲ್ಲಿ ಇದು ಜಾಸ್ತಿ. ಮೆತ್ತನೆ ಹತ್ತಿ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಕೈ ಅಲ್ಲಾಡೋದಕ್ಕೆ ಮದ್ದು: ಎರಡು ಕಡೆ ಒಂದೇ ಎತ್ತರಕ್ಕೆ ಪುಸ್ತಕ ಪೇರಿಸಿ, ನಡುವೆ ಕಪ್ಲರ್ ಇಟ್ಟು, ಮೇಲೆ ಅಡ್ಡಲಾಗಿ ಫೋನ್ ಮಲಗಿಸಿ. 3 ಸೆಕೆಂಡ್ ಟೈಮರ್ ಹಾಕಿ. ಫೋನ್ ತಾನಾಗೇ ನೇರ ಇರುತ್ತದೆ, ಓರೆಯ ಚಿಂತೆಯೂ ಹೋಯ್ತು.

ಇಳಕಲ್ ಅಂಚು

ನಡುವೆ ಬಂದು ಕೇಳ್ತಿದ್ದೀನಿ, ಬೇಜಾರಾಗಬೇಡಿ. ನನ್ನದೂ ಇದೇ ತೊಂದರೆ. ಅಮ್ಮನ ಹಳೇ ಇಳಕಲ್ ಸೀರೆ ಫೋಟೋ ಹಾಕಿ ಅಂಥದ್ದೇ ಹುಡುಕಿದರೆ ಬರೀ ಬೇರೆ ಊರಿನ ಸೀರೆಗಳು ಬರ್ತವೆ. ಕೆಂಪು ಬಣ್ಣ ಒಂದು ಮಾತ್ರ ಹೊಂದುತ್ತೆ. ಮಡಿಸಿಟ್ಟದ್ದನ್ನೇ ಫೋಟೋ ತೆಗೆದೆ, ಮಸುಕೇನೂ ಇಲ್ಲ. ಮತ್ತೆ ಅದು ರೇಷ್ಮೆನಾ ಅಂತಾನೂ ಫೋಟೋದಿಂದ ತಿಳೀಬಹುದಾ?

ಕ್ಯಾಟಲಾಗ್ ಕೋಣೆ

ಮಡಿಸಿದ ಸೀರೆಯಲ್ಲಿ ಇಳಕಲ್ ಅನ್ನುವ ಗುರುತು ಒಳಗೆ ಹೋಗಿಬಿಡುತ್ತದೆ. ಸೆರಗಿನ ತೋಪು ತೆನಿ, ಅಂದರೆ ಆ ಕೆಂಪು ಬಿಳಿ ಗೋಪುರದ ಸಾಲು, ಪೂರ್ತಿ ಕಾಣಬೇಕು. ಸೆರಗನ್ನು ಚಾಪೆ ಮೇಲೆ ಸುಕ್ಕಿಲ್ಲದೆ ಹರಡಿ ಮೇಲಿಂದ ಒಂದು ಫೋಟೋ. ಅಂಚಿಗೆ ಬೇರೆ ಒಂದು, ಹತ್ತಿರದಿಂದ. ಒಂದೇ ಫೋಟೋದಲ್ಲಿ ಎರಡನ್ನೂ ತುರುಕಬೇಡಿ. ಹಗಲು ಬೆಳಕಲ್ಲಿ, ನೇರ ಬಿಸಿಲು ಬೀಳದ ಕಡೆ ತೆಗೆದರೆ ಕೆಂಪು ಕೆಂಪಾಗೇ ಬರುತ್ತದೆ, ಹಳದಿ ಬಲ್ಬಿನ ಕೆಳಗೆ ಕಿತ್ತಳೆ ಕಡೆ ಹೋಗುತ್ತದೆ.

ರೇಷ್ಮೆಯಾ ಅಲ್ವಾ ಅನ್ನೋದು ಫೋಟೋದಿಂದ ಆಗೋದಿಲ್ಲ. ಆರ್ಟ್ ಸಿಲ್ಕ್ ಕೂಡ ಹಾಗೇ ಹೊಳೆಯುತ್ತದೆ. ಅದನ್ನು ನೇಕಾರರಿಗೇ ಮುಟ್ಟಿಸಿ ಕೇಳಿ.

ಇಳಕಲ್ ಅಂಚು

ಸೆರಗು ಹರಡಿ ತೆಗೆದು ನೋಡ್ತೀನಿ. ಧನ್ಯವಾದ.

ಯಲ್ಲಾಪುರ ಮನೆ

ಕಪ್ಲರ್ ಬಿಚ್ಚಿದೆ. ಗಡಿಯಾರದ ಮುಳ್ಳು ಹೋಗುವ ಕಡೆಗೇ ತಿರುಗಿಸಿದಾಗ ಬಿಚ್ಚಿತು. ತೊಳೆದು, ಬಿಳಿ ಹಾಳೆ ಮೇಲಿಟ್ಟು, ಪುಸ್ತಕ ಪೇರಿಸಿ ತೆಗೆದೆ. ಓರೆ ಇಲ್ಲ, ಅಡ್ಡ ಉದ್ದ ಎರಡೂ ಒಂದೇ. ಆದರೆ ಕಪ್ಲರ್ ಕರ್ರಗೆ ಒಂದು ಬಿಲ್ಲೆಯ ಹಾಗೆ ಬಂದಿದೆ, ಒಳಗಿನ ಏನೂ ಕಾಣಲ್ಲ. ಹಾಳೆಯೂ ಬೂದಿ ಬಣ್ಣ ಆಗಿದೆ. ಫ್ಲಾಶ್ ಹಾಕಿದರೆ ನಡುವಿನ ಲೋಹದ ತೂತು ಹೊಳೆದು ಬಿಳಿ ಚುಕ್ಕಿ ಆಗುತ್ತೆ.

ಕ್ಯಾಟಲಾಗ್ ಕೋಣೆ

ಚೌಕಟ್ಟಿನ ತುಂಬ ಬಿಳಿ ಇದ್ದಾಗ ಫೋನ್ ಬೆಳಕು ಜಾಸ್ತಿ ಇದೆ ಅಂದುಕೊಂಡು ಕಮ್ಮಿ ಮಾಡುತ್ತದೆ. ಅದಕ್ಕೇ ಬಿಳಿ ಹಾಳೆ ಬೂದಿ, ಕಪ್ಪು ಇನ್ನೂ ಕಪ್ಪು. ಪರದೆಯ ಮೇಲೆ ಕಪ್ಲರನ್ನು ಬೆರಳಿಂದ ಮುಟ್ಟಿ. ಪಕ್ಕದಲ್ಲಿ ಸೂರ್ಯನ ಚಿತ್ರ ಬರುತ್ತದೆ, ಅದನ್ನು ಮೇಲಕ್ಕೆ ಎಳೆಯಿರಿ. ಹಾಳೆ ಬೆಳ್ಳಗಾಗಿ, ಹಲ್ಲಿನ ಮೇಲ್ಮೈಗೂ ಸಂದಿಗೂ ವ್ಯತ್ಯಾಸ ಕಾಣುವಷ್ಟು ಎಳೆದರೆ ಸಾಕು.

ಫ್ಲಾಶ್ ಬೇಡ. ಅದು ಕ್ಯಾಮೆರಾ ಪಕ್ಕದಿಂದಲೇ ಬರುವುದರಿಂದ ನೆರಳೇ ಬೀಳುವುದಿಲ್ಲ. ಹಲ್ಲು ಎದ್ದು ಕಾಣಬೇಕಾದರೆ ಒಂದು ಪಕ್ಕದಿಂದ ಬೆಳಕು ಬರಬೇಕು. ಹಗಲು ಹೊತ್ತು ಕಿಟಕಿ ಪಕ್ಕ ಇಡಿ, ಎದುರು ಬದಿಗೆ ಇನ್ನೊಂದು ಬಿಳಿ ಹಾಳೆ ನಿಲ್ಲಿಸಿ. ನೆರಳಿರುತ್ತದೆ, ಆದರೆ ಗಾಢ ಇರುವುದಿಲ್ಲ.

ರಿಪೇರಿ ಮೇಜು

ಕಪ್ಪು ಸಾಮಾನಿಗೆ ಬಿಳಿ ಹಾಳೆಗಿಂತ ಕೊರಿಯರ್ ಡಬ್ಬದ ರಟ್ಟು ಒಳ್ಳೇದು ಅಂತ ನನ್ನ ಅನುಭವ. ಆ ಕಂದು ಬಣ್ಣದ ಮೇಲೆ ಫೋನ್ ಬೆಳಕನ್ನು ತಾನೇ ಸರಿ ಮಾಡಿಕೊಳ್ಳುತ್ತದೆ, ಏನೂ ಎಳೆಯಬೇಕಾಗಿಲ್ಲ.

ಕ್ಯಾಟಲಾಗ್ ಕೋಣೆ

ನೋಡೋ ಮನುಷ್ಯರಿಗೆ ರಟ್ಟು ಚೆನ್ನಾಗಿದೆ. ಹುಡುಕಾಟಕ್ಕೆ ನಾನು ಬಿಳಿಯನ್ನೇ ಹೇಳ್ತೀನಿ, ಮಾರಾಟದ ಫೋಟೋಗಳೆಲ್ಲ ಬಿಳಿ ಮೇಲೆ ಇರೋದರಿಂದ.

ರಿಪೇರಿ ಮೇಜು

ಹಿನ್ನೆಲೆಗಿಂತ ಹಲ್ಲು ಮುಖ್ಯ. ರಟ್ಟಿನ ಮೇಲೆ ತೆಗೆದದ್ದಕ್ಕೆ ನನಗೆ ಸರಿಯಾದದ್ದೇ ಬಂದಿದೆ. ಅಕ್ಕ, ಎರಡೂ ಮಾಡಿ ನೋಡಿ.

ಇನ್ನೊಂದು. ಕಪ್ಲರಿನ ಹಿಂಬದಿಯಲ್ಲಿ ಅಥವಾ ಪಕ್ಕದಲ್ಲಿ ಉಬ್ಬು ಅಕ್ಷರ ಇದೆಯಾ ನೋಡಿ. ಕಪ್ಪು ಮೇಲೆ ಕಪ್ಪು ಇರೋದರಿಂದ ಬರಿಗಣ್ಣಿಗೆ ಕಾಣೋದಿಲ್ಲ. ಬಿಳಿ ಸೀಮೆಸುಣ್ಣವನ್ನು ಮೇಲೆ ಅಡ್ಡ ಉಜ್ಜಿ, ಉಬ್ಬಿದ ಕಡೆ ಮಾತ್ರ ಬೆಳ್ಳಗಾಗುತ್ತದೆ. ಕೋಣೆ ಕತ್ತಲು ಮಾಡಿ, ಟಾರ್ಚನ್ನು ಮೇಜಿಗೆ ತಾಗುವ ಹಾಗೆ ಪಕ್ಕದಿಂದ ಹಿಡಿದರೂ ಅಕ್ಷರ ಎದ್ದು ಬರುತ್ತದೆ. ಅಕ್ಷರ ಓದುವ ಹಾಗಿದ್ದರೆ ಲೆನ್ಸ್ ಅದನ್ನೂ ಓದುತ್ತದೆ. ಆಕಾರ ನೋಡಿ ಊಹಿಸೋದಕ್ಕಿಂತ ನಂಬರ್ ಎಷ್ಟೋ ಮೇಲು.

ಫೋನ್ ಪ್ರಿಯ

ಪಕ್ಕದಲ್ಲಿ ಒಂದು ನಾಣ್ಯ ಇಟ್ಟು ತೆಗೆದರೆ ಅಳತೆಯೂ ಲೆನ್ಸ್‌ಗೆ ಗೊತ್ತಾಗುತ್ತಲ್ಲ? 10 ರೂಪಾಯಿ ನಾಣ್ಯ 27 ಮಿಲಿಮೀಟರ್ ಇದೆ.

ಕ್ಯಾಟಲಾಗ್ ಕೋಣೆ

ನಾಣ್ಯದ ಅಳತೆ ಸರಿ. ಆದರೆ ಹುಡುಕಾಟ ಅದನ್ನು ಸ್ಕೇಲ್ ಅಂತ ತಿಳಿದುಕೊಳ್ಳುವುದಿಲ್ಲ. ಚಿತ್ರದಲ್ಲಿ ಎರಡು ವಸ್ತು ಇದೆ ಅಂದುಕೊಳ್ಳುತ್ತದೆ, ಕೆಲವು ಸಲ ನಾಣ್ಯದ ಹಿಂದೆಯೇ ಹೋಗುತ್ತದೆ. 30 ಮಿಲಿಮೀಟರ್ ಕಪ್ಲರ್, 40 ಮಿಲಿಮೀಟರ್ ಕಪ್ಲರ್ ಎರಡೂ ಫೋಟೋದಲ್ಲಿ ಒಂದೇ. ಅಕ್ಕನಿಗೆ ಬಂದದ್ದು ಕೂರಲಿಲ್ಲ ಅಂದರಲ್ಲ, ಇದೇ ಕಾರಣ ಇರಬಹುದು. ಹಾಗಾಗಿ ಹುಡುಕೋಕೆ ನಾಣ್ಯ ಇಲ್ಲದ ಫೋಟೋ, ಮಾರುವವರಿಗೆ ಕಳಿಸೋಕೆ ನಾಣ್ಯ ಇರುವ ಫೋಟೋ.

ನಾಣ್ಯ ಇಡೋದರಲ್ಲೂ ಒಂದು ಮೋಸ ಇದೆ. ಕಪ್ಲರ್ 2 ಸೆಂಟಿಮೀಟರ್ ಎತ್ತರ ಅಂದುಕೊಳ್ಳಿ, ನಾಣ್ಯ ಮೇಜಿನ ಮೇಲೆ ಮಲಗಿದೆ. ಫೋನನ್ನು ತೀರಾ ಹತ್ತಿರ ಹಿಡಿದರೆ ಕಪ್ಲರಿನ ಮೇಲ್ಮೈ ಲೆನ್ಸಿನಿಂದ 10 ಸೆಂಟಿಮೀಟರ್ ದೂರ ಇರುತ್ತದೆ, ನಾಣ್ಯ 12. ಹತ್ತಿರ ಇರುವುದು ದೊಡ್ಡದಾಗಿ ಕಾಣುತ್ತದೆ. ನಾಣ್ಯದಿಂದ ಲೆಕ್ಕ ಹಾಕಿದರೆ 40 ಮಿಲಿಮೀಟರ್ ಕಪ್ಲರ್ 48 ಅಂತ ಬರುತ್ತದೆ. ಅದೇ 40 ಸೆಂಟಿಮೀಟರ್ ಮೇಲಿಂದ 2x ಹಾಕಿ ತೆಗೆದರೆ 42 ಬರುತ್ತದೆ. ದೂರ ಹೋಗಿ ಜೂಮ್ ಮಾಡಿ ಅನ್ನೋದಕ್ಕೆ ಇದೂ ಒಂದು ಕಾರಣ. ನಾಣ್ಯವನ್ನು ಬೆಂಕಿಪೊಟ್ಟಣದ ಮೇಲೋ ಮತ್ತೊಂದರ ಮೇಲೋ ಇಟ್ಟು ಹಲ್ಲಿನ ಮಟ್ಟಕ್ಕೆ ತಂದರೆ ಈ ತೊಂದರೆ ಇರೋದೇ ಇಲ್ಲ.

ಗಾಂಧಿ ಬಜಾರ್

ಇಷ್ಟೆಲ್ಲ ಲೆಕ್ಕಕ್ಕಿಂತ ಸ್ಕೇಲ್ ಇಟ್ಟು ಅಳೆದು ಬರೆದರೆ ಆಗುತ್ತಲ್ವಾ?

ರಿಪೇರಿ ಮೇಜು

ಆಗುತ್ತೆ ಅಣ್ಣ, ಅಳೆಯಲೇಬೇಕು. ವರ್ನಿಯರ್ ಇದ್ದರೆ ಇನ್ನೂ ಒಳ್ಳೇದು. ಹಲ್ಲಿನ ತುದಿಯಿಂದ ಎದುರಿನ ಹಲ್ಲಿನ ತುದಿಗೆ ಎಷ್ಟು, ಒಟ್ಟು ಎತ್ತರ ಎಷ್ಟು, ನಡುವಿನ ತೂತು ಎಷ್ಟು. ಮೂರು ಅಳತೆ ಸಾಕು. ಹಲ್ಲು ಸವೆದಿದ್ದರೆ ಎಲ್ಲಕ್ಕಿಂತ ಕಮ್ಮಿ ಸವೆದ ಜೋಡಿಯನ್ನು ಅಳೆಯಿರಿ.

ಯಲ್ಲಾಪುರ ಮನೆ

ಬೆಳಿಗ್ಗೆ ಕಿಟಕಿ ಹತ್ತಿರ ಮತ್ತೆ ತೆಗೆದೆ. ಬಿಳಿ ಹಾಳೆ ಮೇಲೆ ಒಂದು, ರಟ್ಟಿನ ಮೇಲೆ ಒಂದು. ಆರೂ ಹಲ್ಲು ಕಾಣ್ತಿವೆ, ನಡುವಿನ ತೂತಿನ ಅಂಚೂ ಕಾಣ್ತಿದೆ. ಎರಡಕ್ಕೂ ಈಗ ಕಪ್ಲರ್‌ಗಳೇ ಬರ್ತಿವೆ! ಬಿಳಿ ಹಾಳೆಯದಕ್ಕೆ ಎಲ್ಲಾ ಕಪ್ಲರ್. ರಟ್ಟಿನದಕ್ಕೆ ಒಂದೆರಡು ಗಿಯರ್ ಸೇರಿವೆ, ಉಳಿದದ್ದು ಅವೇ.

ಸೀಮೆಸುಣ್ಣ ಉಜ್ಜಿದೆ, ಅಕ್ಷರ ಏನೂ ಇಲ್ಲ. ಅಂಚಿನಲ್ಲಿ ಒಂದು ಚಿಕ್ಕ ಗೆರೆ ಮಾತ್ರ.

ಈಗ ಎರಡು ಕಪ್ಲರ್ ಉಳಿದಿವೆ, ಎರಡೂ ಆರು ಹಲ್ಲಿನವು. ವಿಚಿತ್ರ ಅಂದ್ರೆ ಎರಡು ಬೇರೆ ಬೇರೆ ಮಾರಾಟಗಾರರು, ಫೋಟೋ ಮಾತ್ರ ಒಂದೇ. ಒಂದರ ವಿವರದಲ್ಲಿ ಅಳತೆ ಇದೆ, ಇನ್ನೊಂದರಲ್ಲಿ ಇಲ್ಲ.

ಕ್ಯಾಟಲಾಗ್ ಕೋಣೆ

ಇದು ನಿಮ್ಮ ಫೋಟೋದಿಂದ ಸರಿಹೋಗುವಂಥದ್ದಲ್ಲ. ಒಂದೇ ಫೋಟೋವನ್ನು ಹಲವರು ಹಾಕಿಕೊಂಡಿರುತ್ತಾರೆ, ಡಬ್ಬದೊಳಗೆ ಇರೋದು ಬೇರೆ ಇರಬಹುದು. ಕೊಂಡವರು ವಿಮರ್ಶೆ ಜೊತೆ ಹಾಕಿದ ಫೋಟೋ ಇದ್ದರೆ ಅದನ್ನು ನೋಡಿ, ಅದು ನಿಜವಾದ ವಸ್ತುವಿನದ್ದು. ಲೆನ್ಸ್‌ನಲ್ಲಿ ಚಿತ್ರದ ಜೊತೆ ಪದ ಸೇರಿಸೋ ಜಾಗ ಇದೆ, ಅಲ್ಲಿ `mixer jar coupler 6 teeth` ಅಂತ ಹಾಕಿ. ಇನ್ನೂ ಒಂದೆರಡು ಹೊಸದು ಸಿಗಬಹುದು. ಹಲ್ಲಿನ ಲೆಕ್ಕವನ್ನು ಅದು ಪ್ರತಿ ಸಲ ಪಾಲಿಸುತ್ತದೆ ಅಂತ ಮಾತ್ರ ನಂಬಬೇಡಿ, ನೀವೇ ಎಣಿಸಿ.

ರಿಪೇರಿ ಮೇಜು

ಈಗ ತ್ರೆಡ್ ನೋಡಬೇಕು. ಗಡಿಯಾರದ ದಿಕ್ಕಿಗೆ ತಿರುಗಿಸಿದಾಗ ಬಿಚ್ಚಿತು ಅಂದ್ರಿ. ಜಾರ್ ಮಗುಚಿ ಇತ್ತಾ, ಕಪ್ಲರ್ ನಿಮ್ಮ ಕಡೆ ಮುಖ ಮಾಡಿತ್ತಾ?

ಯಲ್ಲಾಪುರ ಮನೆ

ಹೌದು, ಮಗುಚಿ ಹಿಡಿದಿದ್ದೆ. ಕಪ್ಲರ್ ನನ್ನ ಕಡೆ ಇತ್ತು.

ರಿಪೇರಿ ಮೇಜು

ಹಾಗಾದರೆ ಉಲ್ಟಾ ತ್ರೆಡ್. ಖಚಿತ ಮಾಡಿಕೊಳ್ಳೋಕೆ ಬ್ಲೇಡಿನ ದಂಡ ಜಾರಿನ ಕೆಳಗೆ ಚಾಚಿದೆಯಲ್ಲ, ಅದನ್ನು ನೆಟ್ಟಗೆ ನಿಲ್ಲಿಸಿ ಪಕ್ಕದಿಂದ ಫೋಟೋ ತೆಗೆಯಿರಿ. ತ್ರೆಡ್ ಗೆರೆ ಬಲಕ್ಕೆ ಏರುತ್ತಾ ಹೋದರೆ ಮಾಮೂಲು, ಎಡಕ್ಕೆ ಏರಿದರೆ ಉಲ್ಟಾ. ಕಪ್ಲರಿನ ಒಳಗೆ ಇಣುಕಿ ನೋಡಬೇಡಿ. ಒಳಗೋಡೆಯಲ್ಲಿ ನಿಮಗೆ ಕಾಣೋದು ಆಚೆ ಬದಿ, ಅಲ್ಲಿ ಓರೆ ತಿರುಗುಮುರುಗು ಕಾಣುತ್ತದೆ. ಸೆಲ್ಫಿ ಕ್ಯಾಮೆರಾದಲ್ಲೂ ತೆಗೀಬೇಡಿ, ಕೆಲವು ಫೋನ್‌ಗಳು ಕನ್ನಡಿಯ ಹಾಗೆ ಎಡ ಬಲ ಬದಲಿಸಿ ಉಳಿಸುತ್ತವೆ.

ತಪ್ಪು ತ್ರೆಡ್‌ದು ಬಂದರೆ ದಂಡಕ್ಕೆ ಹತ್ತೋದೇ ಇಲ್ಲ. ಎಷ್ಟೇ ಒಳ್ಳೆ ಫೋಟೋ ತೆಗೆದರೂ ಹುಡುಕಾಟಕ್ಕೆ ಇದು ಗೊತ್ತಾಗೋದಿಲ್ಲ, ಹೊರಗಿನಿಂದ ಎರಡೂ ಒಂದೇ.

ಯಲ್ಲಾಪುರ ಮನೆ

ದಂಡದ ಫೋಟೋ ಹಾಕಿದ್ದೇನೆ. ಗೆರೆ ಎಡಕ್ಕೇ ಏರ್ತಿದೆ. ಅಳತೆ ಕೂಡ ಆಯ್ತು. ನಮ್ಮ ಮನೆಯವರ ಹತ್ತಿರ ವರ್ನಿಯರ್ ಇತ್ತು. ತುದಿಯಿಂದ ತುದಿಗೆ 38, ಎತ್ತರ 19 ಮಿಲಿಮೀಟರ್. ವಿವರದಲ್ಲಿ ಅಳತೆ ಕೊಟ್ಟ ಮಾರಾಟಗಾರರದ್ದು 32, ಹಾಗಾಗಿ ಅದು ಅಲ್ಲ. ಇನ್ನೊಬ್ಬರಿಗೆ ನಾಣ್ಯ ಇಟ್ಟ ಫೋಟೋ, ದಂಡದ ಫೋಟೋ ಎರಡೂ ಕಳಿಸಿ ತ್ರೆಡ್ ಯಾವುದು ಅಂತ ಕೇಳಿದ್ದೇನೆ.

ಕ್ಯಾಟಲಾಗ್ ಕೋಣೆ

ವಾಟ್ಸಾಪ್‌ನಲ್ಲಿ ಕಳಿಸಿದ್ದರೆ ಎಚ್‌ಡಿ ಆರಿಸಿ ಅಥವಾ ಡಾಕ್ಯುಮೆಂಟ್ ಆಗಿ ಕಳಿಸಿ. ಮಾಮೂಲಿಯಾಗಿ ಕಳಿಸಿದರೆ ಫೋಟೋ ಕುಗ್ಗುತ್ತದೆ, ತ್ರೆಡ್ ಗೆರೆಯಂಥ ಸಣ್ಣ ವಿಷಯ ಮೊದಲು ಮಾಯ ಆಗುತ್ತದೆ.

ಯಲ್ಲಾಪುರ ಮನೆ

ಮಾಮೂಲಿಯಾಗೇ ಹೋಗಿತ್ತು, ಈಗ ಡಾಕ್ಯುಮೆಂಟ್ ಮಾಡಿ ಮತ್ತೆ ಕಳಿಸಿದೆ. ಸಂಜೆ ಉತ್ತರ ಬಂತು: ಉಲ್ಟಾ ತ್ರೆಡ್ ಇದೆ, 38 ಮಿಲಿಮೀಟರ್. ಅವರೇ ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ಕಳಿಸಿದ್ದಾರೆ. ಆರ್ಡರ್ ಹಾಕಿದೆ.

ರಿಪೇರಿ ಮೇಜು

ಒಳ್ಳೇದಾಯ್ತು. ಬರೋದರೊಳಗೆ ಮಿಕ್ಸಿ ಮೇಲಿನ ಮೋಟಾರ್ ಕಪ್ಲರನ್ನೂ ಮೇಲಿಂದ ಒಂದು ಫೋಟೋ ತೆಗೆದು ಹಾಕಿ ಅಕ್ಕ. ಜಾರಿನದು ಇಷ್ಟು ಸವೆದಿದ್ದರೆ ಅದೂ ಸವೆದಿರೋ ಸಾಧ್ಯತೆ ಇದೆ. ಹಾಗಿದ್ದರೆ ಹೊಸದನ್ನೂ ಬೇಗ ತಿಂದುಹಾಕುತ್ತದೆ. ಮಿಕ್ಸಿ ಪ್ಲಗ್ ತೆಗೆದು ಮಾಡಿ.